ಪರಾಭವ ಸಂವತ್ಸರದ ಇತ್ತೀಚಿನ ಪಂಚಾಂಗ ಬೇಕು: ಯುಗಾದಿ 19ಕ್ಕೋ 20ಕ್ಕೋ?

ಸಿಡ್ನಿ ಕನ್ನಡತಿ · 12 ಫೆಬ್ರವರಿ 2026

ಎಲ್ಲರಿಗೂ ನಮಸ್ಕಾರ. ಬರುವ ಯುಗಾದಿಯಿಂದ ಆರಂಭವಾಗುವ ಪರಾಭವ ಸಂವತ್ಸರದ ಪಂಚಾಂಗದ ಇತ್ತೀಚಿನ ಪ್ರತಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಕಳುಹಿಸಿ.

ನನ್ನ ಬಳಿ ಈಗಾಗಲೇ ಎರಡು ಇವೆ, ತೊಂದರೆಯೇ ಅದು. ಮೈಸೂರಿನಿಂದ ಅಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನ ಚಿತ್ರ ತೆಗೆದು ಕಳುಹಿಸಿದ್ದಾರೆ. ಅದರಲ್ಲಿ ಯುಗಾದಿ ಮಾರ್ಚ್ 19, ಗುರುವಾರ. ಇಲ್ಲಿ ನಮ್ಮ ಬಡಾವಣೆಯ ದೇವಸ್ಥಾನದಲ್ಲಿ ಹಂಚಿದ ಹಾಳೆಯಲ್ಲಿ ಮಾರ್ಚ್ 20, ಶುಕ್ರವಾರ. ಒಂದು ಮೊದಲು ಅಚ್ಚಾದದ್ದು, ಇನ್ನೊಂದು ಆಮೇಲೆ ತಿದ್ದಿದ್ದು ಇರಬೇಕು ಎಂದುಕೊಂಡಿದ್ದೇನೆ. ಯಾವುದು ಹೊಸದು ಎಂದು ತಿಳಿದರೆ ಆ ದಿನಕ್ಕೆ ಕಚೇರಿಯಲ್ಲಿ ರಜೆ ಕೇಳುತ್ತೇನೆ. ಬೇವಿನ ಎಲೆಯನ್ನೂ ಅಂಗಡಿಯವರಿಗೆ ಮುಂಚಿತವಾಗಿ ಹೇಳಿಡಬೇಕು, ಹಬ್ಬದ ವಾರ ಕೇಳಿದರೆ ಸಿಗುವುದಿಲ್ಲ.

ಮೊಬೈಲ್ ಮಿತ್ರ · 12 ಫೆಬ್ರವರಿ

ಕಾಗದದ ಹಾಳೆಗಳನ್ನು ನಂಬಬೇಡಿ. ಪಂಚಾಂಗದ ಯಾವುದಾದರೂ ಮೊಬೈಲ್ ಆ್ಯಪ್ ಹಾಕಿಕೊಂಡು ಅದನ್ನು ನವೀಕರಿಸಿಕೊಳ್ಳಿ. ನನ್ನದನ್ನು ನಿನ್ನೆ ರಾತ್ರಿಯಷ್ಟೇ ನವೀಕರಿಸಿದ್ದೇನೆ, ಮಾರ್ಚ್ 19 ಎಂದು ಸ್ಪಷ್ಟವಾಗಿ ತೋರಿಸುತ್ತಿದೆ. ಹಾಗಾಗಿ 20 ಎಂಬುದು ಹಳೆಯ ಪ್ರತಿ.

ಸಿಡ್ನಿ ಕನ್ನಡತಿ · 12 ಫೆಬ್ರವರಿ

ಧನ್ಯವಾದ. ನೀವು ಇರುವುದು ಎಲ್ಲಿ?

ಮೊಬೈಲ್ ಮಿತ್ರ · 12 ಫೆಬ್ರವರಿ

ಬೆಂಗಳೂರು, ಬಸವನಗುಡಿ.

ಗಣಿತದ ಮೇಷ್ಟ್ರು, ಶಿವಮೊಗ್ಗ · 13 ಫೆಬ್ರವರಿ

ತಂಗೀ, ನಿಮ್ಮ ಬಳಿ ಇರುವ ಎರಡೂ ಹೊಸವೇ, ಎರಡೂ ಸರಿಯೇ. ಒಂದು ಮೈಸೂರಿಗೆ ಬರೆದದ್ದು, ಇನ್ನೊಂದು ಸಿಡ್ನಿಗೆ ಬರೆದದ್ದು. ಪಂಚಾಂಗ ಕೇಳುವಾಗ ವರ್ಷ ಹೇಳಿದರೆ ಅರ್ಧ ಕೇಳಿದ ಹಾಗೆ. ಊರನ್ನೂ ಹೇಳಿದಾಗಲೇ ಪ್ರಶ್ನೆ ಪೂರ್ತಿಯಾಗುತ್ತದೆ. ಯಾವುದೇ ಅಚ್ಚಿನ ಪಂಚಾಂಗದ ಮೊದಲ ಪುಟಗಳನ್ನು ನೋಡಿ. ಯಾವ ಊರಿನ ಸೂರ್ಯೋದಯವನ್ನು ಹಿಡಿದು ಗಣಿಸಿದ್ದಾರೆ ಎಂದು ಅಲ್ಲಿ ಬರೆದಿರುತ್ತಾರೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗವೂ ಪೂರ್ವ ರೇಖಾಂಶ 82 ಡಿಗ್ರಿ 30 ನಿಮಿಷ ಎಂಬ ಒಂದು ನಿರ್ದಿಷ್ಟ ಬಿಂದುವನ್ನು ಹಿಡಿದೇ ಲೆಕ್ಕ ಹಾಕುತ್ತದೆ.

ಈ ಯುಗಾದಿಯಂತೂ ಇದಕ್ಕೆ ತುಂಬಾ ಒಳ್ಳೆಯ ಉದಾಹರಣೆ. ನಿಧಾನವಾಗಿ ಹೇಳುತ್ತೇನೆ.

ತಿಥಿ ಎಂಬುದು ಆಕಾಶದಲ್ಲಿ ಆಗುವ ಘಟನೆ. ಚಂದ್ರನು ಸೂರ್ಯನನ್ನು ಕೂಡಿದ ಕ್ಷಣಕ್ಕೆ ಅಮಾವಾಸ್ಯೆ ಮುಗಿದು ಪಾಡ್ಯ ಹುಟ್ಟುತ್ತದೆ. ಚಂದ್ರ ಅಲ್ಲಿಂದ 12 ಡಿಗ್ರಿ ಮುಂದೆ ಹೋದ ಕ್ಷಣಕ್ಕೆ ಪಾಡ್ಯ ಮುಗಿದು ಬಿದಿಗೆ ಬರುತ್ತದೆ. ಈ ಕ್ಷಣ ಮೈಸೂರಿಗೂ ಸಿಡ್ನಿಗೂ ಒಂದೇ, ಗಡಿಯಾರದ ಮುಳ್ಳು ಮಾತ್ರ ಬೇರೆ ಬೇರೆ ಅಂಕೆ ತೋರಿಸುತ್ತದೆ. ಚೈತ್ರ ಶುದ್ಧ ಪಾಡ್ಯ ಆರಂಭವಾಗುವುದು ಭಾರತದ ಗಡಿಯಾರದಲ್ಲಿ ಮಾರ್ಚ್ 19ರ ಬೆಳಿಗ್ಗೆ 6 ಗಂಟೆ 52 ನಿಮಿಷದ ಹೊತ್ತಿಗೆ. ಮುಗಿಯುವುದು ಮಾರ್ಚ್ 20ರ ಬೆಳಗಿನ ಜಾವ 4 ಗಂಟೆ 52 ನಿಮಿಷದ ಹೊತ್ತಿಗೆ. ಸರಿಯಾಗಿ 22 ಗಂಟೆಯ ತಿಥಿ. ಚಂದ್ರ ಭೂಮಿಗೆ ಹತ್ತಿರವಿದ್ದಾಗ ವೇಗವಾಗಿ ಸಾಗುತ್ತಾನೆ, ಆಗ ತಿಥಿ ಹೀಗೆ ಗಿಡ್ಡವಾಗುತ್ತದೆ.

ಆದರೆ ಹಬ್ಬದ ದಿನವನ್ನು ನಿಶ್ಚಯಿಸುವುದು ಸೂರ್ಯೋದಯ. ಅದು ಊರೂರಿಗೆ ಬೇರೆ. ಯುಗಾದಿಗೆ ನಿಯಮ ಸರಳ: ಸೂರ್ಯ ಹುಟ್ಟುವಾಗ ಪಾಡ್ಯ ಇರುವ ದಿನವೇ ಹಬ್ಬ.

ಈಗ ಬೆಂಗಳೂರನ್ನು ನೋಡೋಣ. 19ರಂದು ಅಲ್ಲಿ ಸೂರ್ಯೋದಯ ಸುಮಾರು 6:26ಕ್ಕೆ. ಆಗ ಇನ್ನೂ ಅಮಾವಾಸ್ಯೆ, ಪಾಡ್ಯ ಬರಲು 26 ನಿಮಿಷ ಬಾಕಿ. ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಪಾಡ್ಯ ಮುಗಿದು ಒಂದೂವರೆ ಗಂಟೆ ಆಗಿರುತ್ತದೆ. ಹೀಗೆ ಎರಡು ಸೂರ್ಯೋದಯಗಳ ನಡುವೆ ಹುಟ್ಟಿ ಅಲ್ಲೇ ಮುಗಿದುಹೋಗುವ ತಿಥಿಯನ್ನು ಕ್ಷಯತಿಥಿ ಎನ್ನುತ್ತೇವೆ. ಅಂಥ ಸಂದರ್ಭದಲ್ಲಿ ಪಾಡ್ಯ ಆರಂಭವಾದ ದಿನವನ್ನೇ ಹಿಡಿಯಬೇಕು. ಆದ್ದರಿಂದ ಕರ್ನಾಟಕದಲ್ಲಿ 19.

ಸಿಡ್ನಿಯ ಗಡಿಯಾರ ಆ ವಾರದಲ್ಲಿ ನಮಗಿಂತ ಐದೂವರೆ ಗಂಟೆ ಮುಂದಿರುತ್ತದೆ. ಪಾಡ್ಯ ಆರಂಭ 19ರ ಮಧ್ಯಾಹ್ನ 12:22ಕ್ಕೆ, ಅಂತ್ಯ 20ರ ಬೆಳಿಗ್ಗೆ 10:22ಕ್ಕೆ. 20ರಂದು ನಿಮ್ಮಲ್ಲಿ ಸೂರ್ಯ ಹುಟ್ಟುವುದು ಸುಮಾರು 7 ಗಂಟೆಗೆ. ಆಗ ಪಾಡ್ಯ ಇದೆ, ಇನ್ನೂ ಮೂರು ಗಂಟೆಗೂ ಹೆಚ್ಚು ಕಾಲ ಇರುತ್ತದೆ. ನಿಮ್ಮಲ್ಲಿ ಕ್ಷಯವೂ ಇಲ್ಲ, ಗೊಂದಲವೂ ಇಲ್ಲ. ಶುಕ್ರವಾರ 20ರಂದೇ ಯುಗಾದಿ. ಮೊಬೈಲ್ ಮಿತ್ರರ ಆ್ಯಪ್ ಹೇಳಿದ್ದು ಬಸವನಗುಡಿಗೆ ಸರಿ.

ಮೊಬೈಲ್ ಮಿತ್ರ · 13 ಫೆಬ್ರವರಿ

ಮೇಷ್ಟ್ರೇ, ಈಗಷ್ಟೇ ಪರೀಕ್ಷೆ ಮಾಡಿದೆ. ಆ್ಯಪಿನಲ್ಲಿ ಸ್ಥಳವನ್ನು ಬೆಂಗಳೂರಿನಿಂದ ಸಿಡ್ನಿಗೆ ಬದಲಾಯಿಸಿದ ಕೂಡಲೇ ಯುಗಾದಿ 20ಕ್ಕೆ ಹೋಯಿತು. ನವೀಕರಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂಬುದು ಅರ್ಥವಾಯಿತು, ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಒಂದು ಎಚ್ಚರಿಕೆ: ನನ್ನ ಅಣ್ಣ ಮೆಲ್ಬರ್ನ್‌ಗೆ ಹೋಗಿ ಎರಡು ವರ್ಷವಾಯಿತು. ಈಗ ಕೇಳಿ ನೋಡಿದರೆ ಅವನ ಆ್ಯಪಿನಲ್ಲಿ ಸ್ಥಳ ಇನ್ನೂ ಬೆಂಗಳೂರು ಎಂದೇ ಇದೆ. ಒಮ್ಮೆ ಕೈಯಿಂದ ಊರು ಆರಿಸಿದರೆ ಫೋನು ದೇಶ ಬದಲಾಯಿಸಿದರೂ ಅದು ತಾನಾಗಿ ಬದಲಾಗುವುದಿಲ್ಲ. ಪರದೆಯ ಮೇಲ್ಭಾಗದಲ್ಲಿ ಊರಿನ ಹೆಸರು ಇರುತ್ತದೆ, ಮೊದಲು ಅದನ್ನು ಓದಿಕೊಳ್ಳಿ.

ನ್ಯೂಜೆರ್ಸಿ ನಿವಾಸಿ · 13 ಫೆಬ್ರವರಿ

ಈ ಮಾತು 2024ರ ದೀಪಾವಳಿಯಲ್ಲೇ ನನಗೆ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಆ ವರ್ಷ ಲಕ್ಷ್ಮೀಪೂಜೆ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಎಂದು ಊರಿನಲ್ಲೇ ದೊಡ್ಡ ಚರ್ಚೆ ನಡೆದಿತ್ತು. ಭಾರತದಲ್ಲಿ ಅಮಾವಾಸ್ಯೆ 31ರ ಮಧ್ಯಾಹ್ನ 3:52ಕ್ಕೆ ಬಂದು 1ರ ಸಂಜೆ 6:16ಕ್ಕೆ ಮುಗಿದಿತ್ತು. ಎರಡೂ ಸಂಜೆ ಅಮಾವಾಸ್ಯೆ ಸಿಗುತ್ತಿದ್ದುದರಿಂದ ಎರಡೂ ಕಡೆಗೆ ವಾದ ಮಾಡುವವರಿದ್ದರು. ನಮ್ಮ ಮನೆಯ ಹಿರಿಯರು ನವೆಂಬರ್ 1 ಎಂದು ತೀರ್ಮಾನಿಸಿದರು. ನಾನೂ ಇಲ್ಲಿ ನವೆಂಬರ್ 1ರ ಸಂಜೆಯೇ ದೀಪ ಹಚ್ಚಿ, ಕಳಶ ಇಟ್ಟು, ಮಕ್ಕಳನ್ನು ಕೂರಿಸಿಕೊಂಡು ಪೂಜೆ ಮಾಡಿದೆ.

ತಿಂಗಳುಗಳ ನಂತರ ಲೆಕ್ಕ ಹಾಕಿ ನೋಡಿದಾಗ ತಿಳಿದದ್ದೇನೆಂದರೆ, ನ್ಯೂಜೆರ್ಸಿಯಲ್ಲಿ ಅಮಾವಾಸ್ಯೆ 31ರ ಬೆಳಿಗ್ಗೆ 6:22ಕ್ಕೇ ಬಂದು 1ರ ಬೆಳಿಗ್ಗೆ 8:46ಕ್ಕೇ ಮುಗಿದಿತ್ತು. ಇಲ್ಲಿ ಅಮಾವಾಸ್ಯೆ ಇದ್ದ ಸಂಜೆ ಒಂದೇ, ಅದು 31. ಊರಿನಲ್ಲಿ ವಾದಕ್ಕೆ ಅವಕಾಶವಿತ್ತು, ಇಲ್ಲಿ ವಾದವೇ ಇರಲಿಲ್ಲ. ನಾನು ಊರಿನ ವಾದವನ್ನು ಕೇಳಿ ಇಲ್ಲಿಯ ಪಾಡ್ಯದ ಸಂಜೆ ಲಕ್ಷ್ಮೀಪೂಜೆ ಮಾಡಿದ್ದೆ. ನನಗೆ ಅದು ಈಗಲೂ ಮನಸ್ಸಿಗೆ ಕೊರೆಯುತ್ತದೆ.

ದುಬೈ ಲೆಕ್ಕಿಗ · 14 ಫೆಬ್ರವರಿ

ಇದಕ್ಕೆ ಇಷ್ಟೆಲ್ಲ ಬೇಕಿಲ್ಲ. ಬೆಂಗಳೂರಿನ ಒಂದೇ ಪಂಚಾಂಗ ಇಟ್ಟುಕೊಂಡು ಗಂಟೆಯ ವ್ಯತ್ಯಾಸ ಕೂಡಿಸಿ ಅಥವಾ ಕಳೆದರೆ ಸಾಕು. ನಾನು ಹನ್ನೊಂದು ವರ್ಷಗಳಿಂದ ಒಂದೂವರೆ ಗಂಟೆ ಕಳೆದು ತಿಥಿ, ರಾಹುಕಾಲ, ಹಬ್ಬ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದೇನೆ. ಒಂದೇ ಒಂದು ಹಬ್ಬವೂ ತಪ್ಪಿಲ್ಲ.

ಗಣಿತದ ಮೇಷ್ಟ್ರು, ಶಿವಮೊಗ್ಗ · 14 ಫೆಬ್ರವರಿ

ನಿಮ್ಮ ಮಾತು ತಿಥಿಯ ಮಟ್ಟಿಗೆ ಸರಿ. ತಿಥಿ, ನಕ್ಷತ್ರ, ಯೋಗ, ಕರಣ ಈ ನಾಲ್ಕರ ಆರಂಭ ಮತ್ತು ಅಂತ್ಯದ ಹೊತ್ತನ್ನು ಗಂಟೆಯ ವ್ಯತ್ಯಾಸದಿಂದ ಬದಲಾಯಿಸಿಕೊಳ್ಳಬಹುದು. ಆದರೆ ಪಂಚಾಂಗದಲ್ಲಿ ಸೂರ್ಯೋದಯದಿಂದ ಎಣಿಸಿದ ಯಾವುದನ್ನೂ ಹಾಗೆ ಬದಲಾಯಿಸಬಾರದು. ರಾಹುಕಾಲ ಅಂಥದ್ದು.

ಸಿಡ್ನಿಯ ಯುಗಾದಿಯನ್ನೇ ತೆಗೆದುಕೊಳ್ಳಿ. ಅಂದು ಶುಕ್ರವಾರ. ಹಗಲನ್ನು ಎಂಟು ಪಾಲು ಮಾಡಿದರೆ ಶುಕ್ರವಾರದ ರಾಹುಕಾಲ ನಾಲ್ಕನೆಯ ಪಾಲು. ಆರಕ್ಕೆ ಉದಯ, ಆರಕ್ಕೆ ಅಸ್ತ ಎಂದು ಹಿಡಿದು ಕ್ಯಾಲೆಂಡರಿನಲ್ಲಿ ಹತ್ತೂವರೆಯಿಂದ ಹನ್ನೆರಡು ಎಂದು ಅಚ್ಚು ಹಾಕಿರುತ್ತಾರೆ. ಸಿಡ್ನಿಯಲ್ಲಿ ಅಂದು ಉದಯ ಸುಮಾರು 7ಕ್ಕೆ, ಅಸ್ತ ಸುಮಾರು 7:06ಕ್ಕೆ. ಒಂದು ಪಾಲು 91 ನಿಮಿಷ. ಮೂರು ಪಾಲು ಕಳೆದ ಮೇಲೆ 11:32ಕ್ಕೆ ರಾಹುಕಾಲ ಆರಂಭವಾಗಿ 1:03ಕ್ಕೆ ಮುಗಿಯುತ್ತದೆ. ಗೋಡೆಯ ಕ್ಯಾಲೆಂಡರ್ ನೋಡಿ ಹನ್ನೆರಡು ದಾಟಿತಲ್ಲ ಎಂದು ಹೊರಟವರು ರಾಹುಕಾಲದ ನಡುವೆಯೇ ಹೊರಟಿರುತ್ತಾರೆ. ಇನ್ನು ಬೆಂಗಳೂರಿನ ರಾಹುಕಾಲಕ್ಕೆ ಐದೂವರೆ ಗಂಟೆ ಕೂಡಿಸಿದರೆ ಸಂಜೆಗೆ ಬಂದು ನಿಲ್ಲುತ್ತದೆ, ಅದಕ್ಕೆ ಅರ್ಥವೇ ಇಲ್ಲ.

ನೆನಪಿಡಲು ಒಂದು ಸುಲಭದ ಗುರುತು: ಶುಕ್ರವಾರದ ರಾಹುಕಾಲ ಯಾವ ಊರಿನಲ್ಲಾದರೂ ಆ ಊರಿನ ನಡುಹಗಲಿಗೆ ಮುಗಿಯುತ್ತದೆ. ನಾಲ್ಕು ಪಾಲು ಎಂದರೆ ಹಗಲಿನ ಅರ್ಧ ಅಲ್ಲವೇ? ನಿಮ್ಮ ಕೈಯಲ್ಲಿರುವ ಪಟ್ಟಿ ಹಾಗೆ ತೋರಿಸದಿದ್ದರೆ ಅದು ನಿಮ್ಮ ಊರಿನದಲ್ಲ.

ನಿಮ್ಮ ಹಬ್ಬಗಳು ಹನ್ನೊಂದು ವರ್ಷ ತಪ್ಪದಿರಲು ಕಾರಣ ದುಬೈ ನಮಗೆ ಹತ್ತಿರವಿರುವುದು. ಒಂದೂವರೆ ಗಂಟೆಯ ಅಂತರದಲ್ಲಿ ತಿಥಿಯ ಅಂಚು ಎರಡು ಊರಿನ ಸೂರ್ಯೋದಯಗಳ ನಡುವೆ ಬಂದು ಬೀಳುವುದು ಅಪರೂಪ. ಈ ಯುಗಾದಿಯಲ್ಲಿ ಅದು ಬಿದ್ದಿದೆ, ನೋಡಿ: ದುಬೈಯಲ್ಲಿ ಪಾಡ್ಯ ಆರಂಭ 19ರ ಬೆಳಿಗ್ಗೆ 5:22ಕ್ಕೆ, ಸೂರ್ಯೋದಯ ಅದಾದ ಒಂದು ಗಂಟೆಯ ಮೇಲೆ. ನಿಮ್ಮಲ್ಲಿ 19ರ ಉದಯಕ್ಕೆ ಪಾಡ್ಯವೇ ಇದೆ. ತಾರೀಖು ಬೆಂಗಳೂರಿನದೇ ಆದರೂ, ಬೆಂಗಳೂರಿನಲ್ಲಿ ಇರುವ ಕ್ಷಯ ನಿಮ್ಮಲ್ಲಿ ಇಲ್ಲ.

ದುಬೈ ಲೆಕ್ಕಿಗ · 14 ಫೆಬ್ರವರಿ

ರಾಹುಕಾಲದ ವಿಷಯ ಒಪ್ಪಿದೆ. ನಾನು ಇಷ್ಟು ವರ್ಷ ಅದನ್ನೂ ಕಳೆಯುತ್ತಿದ್ದೆ. ಹಬ್ಬದ ವಿಷಯದಲ್ಲಿ ಮಾತ್ರ ನನ್ನ ಕ್ರಮ ನನಗೆ ಸಾಕು.

ಪರ್ತ್‌ನಿಂದ ಒಬ್ಬರು · 15 ಫೆಬ್ರವರಿ

ಇಲ್ಲಿ ತಿಥಿಯ ಬಗ್ಗೆ ಮಾತು ನಡೆಯುತ್ತಿರುವುದರಿಂದ ಕೇಳುತ್ತಿದ್ದೇನೆ. ನಮ್ಮ ತಂದೆಯವರ ತಿಥಿ ಬರುವ ತಿಂಗಳು. ಅವರು ತೀರಿಕೊಂಡದ್ದು ಮೈಸೂರಿನಲ್ಲಿ. ಅಣ್ಣ ಅಲ್ಲಿಯೇ ಶ್ರಾದ್ಧ ಮಾಡುತ್ತಾನೆ, ಈ ವರ್ಷ ನಾನೂ ಇಲ್ಲಿ ಮಾಡಬೇಕೆಂದಿದ್ದೇನೆ. ತಂದೆಯವರ ತಿಥಿಯನ್ನು ಪರ್ತ್‌ನ ಪಂಚಾಂಗಕ್ಕೆ ಬದಲಾಯಿಸಿಕೊಳ್ಳಬೇಕೆ? ಹಾಗೆ ಬದಲಾಯಿಸಲು ಅವರು ತೀರಿಕೊಂಡ ವರ್ಷದ ಹಳೆಯ ಪಂಚಾಂಗ ಎಲ್ಲಿ ಸಿಗುತ್ತದೆ?

ಗಣಿತದ ಮೇಷ್ಟ್ರು, ಶಿವಮೊಗ್ಗ · 15 ಫೆಬ್ರವರಿ

ಸ್ವಾಮಿ, ಇಲ್ಲಿ ನಡೆಯುತ್ತಿರುವುದು ಹಬ್ಬದ ಮಾತು. ಆದರೂ ನಿಮ್ಮ ಪ್ರಶ್ನೆಗೆ ಬೇರು ಒಂದೇ ಆದ್ದರಿಂದ ಹೇಳುತ್ತೇನೆ. ತಂದೆಯವರು ತೀರಿಕೊಂಡ ಗಳಿಗೆಯಲ್ಲಿ ಆಕಾಶದಲ್ಲಿ ಯಾವ ತಿಥಿ ಇತ್ತೋ ಅದೇ ಅವರ ತಿಥಿ. ಅದನ್ನು ಬದಲಾಯಿಸುವಂತಿಲ್ಲ, ಅದಕ್ಕಾಗಿ ಹಳೆಯ ಪಂಚಾಂಗವನ್ನು ಹುಡುಕುವುದೂ ಬೇಕಿಲ್ಲ. ಅಣ್ಣನವರಿಗೆ ಆ ತಿಥಿ ಗೊತ್ತೇ ಇದೆ. ನಿಮಗೆ ಬೇಕಾದದ್ದು ಈ ವರ್ಷದ ಪರ್ತ್‌ನ ಪಂಚಾಂಗ.

ಶ್ರಾದ್ಧಕ್ಕೆ ನೋಡುವುದು ಸೂರ್ಯೋದಯವನ್ನಲ್ಲ, ಅಪರಾಹ್ಣವನ್ನು. ಹಗಲನ್ನು ಐದು ಪಾಲು ಮಾಡಿದಾಗ ನಾಲ್ಕನೆಯ ಪಾಲು. ಮಾರ್ಚ್ ತಿಂಗಳಲ್ಲಿ ಅದು ಪರ್ತ್‌ನಲ್ಲಿ ಸುಮಾರು ಒಂದೂವರೆಯಿಂದ ನಾಲ್ಕರವರೆಗೆ ಬರುತ್ತದೆ. ಒಂದು ಕಲ್ಪನೆಯ ಲೆಕ್ಕ ಮಾಡೋಣ. ತಂದೆಯವರ ತಿಥಿ ಒಂದು ದಿನ ಮೈಸೂರಿನಲ್ಲಿ ಮಧ್ಯಾಹ್ನ ಒಂದೂವರೆಗೆ ಆರಂಭವಾಗುತ್ತದೆ ಎಂದಿಟ್ಟುಕೊಳ್ಳಿ. ಅಣ್ಣನವರಿಗೆ ಅಂದಿನ ಅಪರಾಹ್ಣವೆಲ್ಲ ಆ ತಿಥಿಯಲ್ಲಿ ಸಿಗುತ್ತದೆ. ಪರ್ತ್‌ನಲ್ಲಿ ಆ ಕ್ಷಣಕ್ಕೆ ಗಂಟೆ ನಾಲ್ಕು, ಅಪರಾಹ್ಣ ಮುಗಿದೇ ಹೋಗಿರುತ್ತದೆ. ನೀವು ಮರುದಿನ ಮಾಡಬೇಕಾಗುತ್ತದೆ. ತಿಥಿ ಬೆಳಗಿನ ಜಾವ ಬದಲಾಗುವ ವರ್ಷಗಳಲ್ಲಿ ಇಬ್ಬರಿಗೂ ಒಂದೇ ದಿನ ಬರುತ್ತದೆ. ಒಂದೇ ತಿಥಿಗೆ ಅಣ್ಣ ಒಂದು ದಿನ, ತಮ್ಮ ಇನ್ನೊಂದು ದಿನ ಮಾಡುವುದರಲ್ಲಿ ದೋಷವಿಲ್ಲ. ನಿಮ್ಮ ಪುರೋಹಿತರಿಗೆ ತಿಥಿಯ ಹೆಸರನ್ನು ಹೇಳಿ, ಊರಿನ ತಾರೀಖನ್ನು ಹೇಳಬೇಡಿ.

ಪರ್ತ್‌ನಿಂದ ಒಬ್ಬರು · 15 ಫೆಬ್ರವರಿ

ತುಂಬಾ ಉಪಕಾರವಾಯಿತು. ನಾನು ಇಷ್ಟು ದಿನ ಅಣ್ಣ ಹೇಳುವ ತಾರೀಖನ್ನೇ ಬರೆದಿಟ್ಟುಕೊಳ್ಳುತ್ತಿದ್ದೆ.

ಸಿಂಗಪುರದ ಸೊಸೆ · 16 ಫೆಬ್ರವರಿ

ಮೇಷ್ಟ್ರೇ, ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ಎರಡು ಪಕ್ಷವಾಗಿದೆ. ಅತ್ತೆಯವರು 19 ಎನ್ನುತ್ತಾರೆ, ಮಾವನವರು 20 ಎನ್ನುತ್ತಾರೆ. ನಮ್ಮಲ್ಲಿಗೆ ಭಾರತದಿಂದ ಎರಡೂವರೆ ಗಂಟೆಯ ವ್ಯತ್ಯಾಸ. ಸಿಂಗಪುರಕ್ಕೆ ಯಾವುದು?

ಗಣಿತದ ಮೇಷ್ಟ್ರು, ಶಿವಮೊಗ್ಗ · 16 ಫೆಬ್ರವರಿ

ಒಂದು ಸುಲಭದ ದಾರಿ ಹೇಳಿಕೊಡುತ್ತೇನೆ, ಎಲ್ಲ ಊರಿನವರಿಗೂ ಆಗುತ್ತದೆ. 19 ಮತ್ತು 20 ಎರಡೂ ದಿನ ನಿಮ್ಮ ಊರಿನ ಸೂರ್ಯೋದಯವನ್ನು ಭಾರತದ ಗಡಿಯಾರಕ್ಕೆ ತಿರುಗಿಸಿಕೊಳ್ಳಿ. ಅದು 19ರ ಬೆಳಿಗ್ಗೆ 6:52ರಿಂದ 20ರ ಬೆಳಿಗ್ಗೆ 4:52ರವರೆಗಿನ 22 ಗಂಟೆಗಳ ಒಳಗೆ ಬಿದ್ದ ದಿನ ನಿಮಗೆ ಯುಗಾದಿ. ಎರಡು ದಿನವೂ ಹೊರಗೇ ಬಿದ್ದರೆ ಕ್ಷಯ, ಆಗ 19.

ನ್ಯೂಜೆರ್ಸಿ: 19ರ ಸೂರ್ಯೋದಯ ಅಲ್ಲಿ ಸುಮಾರು 7 ಗಂಟೆಗೆ, ನಮ್ಮಲ್ಲಿ ಆಗ 19ರ ಸಂಜೆ ನಾಲ್ಕೂವರೆ. ಒಳಗೇ ಇದೆ, ಆದ್ದರಿಂದ 19. ಸಿಡ್ನಿ: 20ರ ಸೂರ್ಯೋದಯ ಎಂದರೆ ನಮ್ಮ 20ರ ನಡುರಾತ್ರಿ ಒಂದೂವರೆ, ಅದೂ ಒಳಗೆ. ಸಿಂಗಪುರದಲ್ಲಿ 20ರಂದು ಸೂರ್ಯ ಹುಟ್ಟುವುದು ಸುಮಾರು 7:09ಕ್ಕೆ, ನಮ್ಮ ಗಡಿಯಾರದಲ್ಲಿ 4:39. ಪಾಡ್ಯ ಮುಗಿಯಲು ಇನ್ನು 13 ನಿಮಿಷ ಇರುತ್ತದೆ. ಲೆಕ್ಕದ ಪ್ರಕಾರ ನಿಮಗೆ 20.

ಸಿಂಗಪುರದ ಸೊಸೆ · 16 ಫೆಬ್ರವರಿ

ಹದಿಮೂರೇ ನಿಮಿಷವೇ! ಅತ್ತೆಯವರಿಗೆ ಓದಿ ಹೇಳಿದೆ. ಅವರು ಕೇಳಿದ ಪ್ರಶ್ನೆ ಇದು: ನಾವು ಎದ್ದು ಎಣ್ಣೆ ಹಚ್ಚಿಕೊಂಡು, ಅಭ್ಯಂಜನ ಮುಗಿಸಿ, ಬೇವು ಬೆಲ್ಲ ತಿನ್ನುವ ಹೊತ್ತಿಗೆ ಬಿದಿಗೆ ಬಂದಿರುತ್ತದಲ್ಲ, ಅದು ಎಂಥ ಯುಗಾದಿ? 19ರಂದು ಮಾಡಿದರೆ ಬೆಳಿಗ್ಗೆ 9:22ರಿಂದ ರಾತ್ರಿಯವರೆಗೆ ಪಾಡ್ಯವೇ ಇರುತ್ತದೆ. ನನಗೂ ಅವರ ಮಾತಿನಲ್ಲಿ ಹುರುಳಿದೆ ಎನ್ನಿಸುತ್ತದೆ.

ಗಣಿತದ ಮೇಷ್ಟ್ರು, ಶಿವಮೊಗ್ಗ · 16 ಫೆಬ್ರವರಿ

ಉದಯಕ್ಕೆ ಇದ್ದ ತಿಥಿ ಆ ದಿನಕ್ಕೆಲ್ಲ ಸಲ್ಲುತ್ತದೆ ಎಂಬುದು ಉತ್ತರ. ನಿಮಿಷ ಎಷ್ಟೆಂದು ನೋಡುವುದಿಲ್ಲ. ಆದರೆ ನಿಮ್ಮ ಅತ್ತೆಯವರ ಆಕ್ಷೇಪ ಹೊಸದಲ್ಲ, ಉದಯದ ನಂತರ ತಿಥಿ ಸ್ವಲ್ಪ ಕಾಲವಾದರೂ ನಿಲ್ಲಬೇಕು ಎನ್ನುವವರನ್ನು ನಾನೂ ಕಂಡಿದ್ದೇನೆ. ನಾನು ಗಣಿತದವನು, ಹೊತ್ತನ್ನು ಹೇಳಬಲ್ಲೆ. ಧರ್ಮಶಾಸ್ತ್ರದ ನಿರ್ಣಯವನ್ನು ನಿಮ್ಮ ಮನೆಯ ಪುರೋಹಿತರಿಂದ ಕೇಳಿ.

ಧಾರವಾಡದ ಹಿರಿಯರು · 17 ಫೆಬ್ರವರಿ

ಇಲ್ಲಿಯವರೆಗೆ ಎಲ್ಲರೂ 6:52 ಎಂಬುದನ್ನು ಕಲ್ಲಿನ ಮೇಲೆ ಕೆತ್ತಿದ ಹಾಗೆ ಮಾತನಾಡುತ್ತಿದ್ದೀರಿ. ಆ 6:52 ದೃಗ್ಗಣಿತದ್ದು. ದೂರದರ್ಶಕದಲ್ಲಿ ನೋಡಿದರೆ ಚಂದ್ರ ಎಲ್ಲಿ ಕಾಣುತ್ತಾನೋ ಅದಕ್ಕೆ ಹೊಂದುವ ಲೆಕ್ಕ. ನಮ್ಮ ಮನೆಯಲ್ಲಿ ನನ್ನ ಅಜ್ಜನ ಕಾಲದಿಂದ ಬಳಸುವುದು ಸೂರ್ಯಸಿದ್ಧಾಂತದ ಪಂಚಾಂಗ. ಅದರಲ್ಲಿ ತಿಥಿಯ ಅಂತ್ಯ ಕೆಲವೊಮ್ಮೆ ಗಂಟೆಗಳಷ್ಟು ಹಿಂದೆ ಮುಂದೆ ಆಗುತ್ತದೆ. 13 ನಿಮಿಷ, 26 ನಿಮಿಷದ ಮೇಲೆ ನಿಂತ ನಿರ್ಣಯ ಅಲ್ಲಿ ಉಳಿಯುವುದಿಲ್ಲ. ಆದ್ದರಿಂದ ಪಂಚಾಂಗ ಕೇಳುವವರು ವರ್ಷ ಮತ್ತು ಊರಿನ ಜೊತೆಗೆ ಯಾವ ಗಣಿತ ಎಂಬುದನ್ನೂ ಹೇಳಬೇಕು. ಇತ್ತೀಚಿನದು ಎಂಬ ಮಾತು ಸಂಪ್ರದಾಯದ ಮನೆಯಲ್ಲಿ ನಡೆಯುವುದಿಲ್ಲ. ನಮ್ಮದು ಯಾವುದು ಎಂಬುದೇ ಪ್ರಶ್ನೆ.

ಇನ್ನೊಂದು ಮಾತು. ನಮ್ಮ ಹಳೆಯ ಪಂಚಾಂಗಗಳಲ್ಲಿ ಗಂಟೆ ನಿಮಿಷ ಇರುವುದಿಲ್ಲ, ಘಟಿ ವಿಘಟಿ ಇರುತ್ತದೆ. ಘಟಿಯನ್ನು ಎಣಿಸುವುದೇ ಸೂರ್ಯೋದಯದಿಂದ. ಬೆಂಗಳೂರಿನ ಲೆಕ್ಕಕ್ಕೆ ಅಮಾವಾಸ್ಯೆ 26 ನಿಮಿಷ ಎಂದರೆ 1 ಘಟಿ 5 ವಿಘಟಿ ಎಂದು ಬರೆದಿರುತ್ತದೆ. ಸಿಡ್ನಿಯ ಹುಡುಗಿಯೊಬ್ಬಳು ಅದನ್ನು ಓದಿ ತನ್ನ ಊರಿನ ಸೂರ್ಯೋದಯಕ್ಕೆ 26 ನಿಮಿಷ ಕೂಡಿಸಿದರೆ ಏನಾಗುತ್ತದೆ? 19ರ ಬೆಳಿಗ್ಗೆ ಏಳೂವರೆಗೇ ಪಾಡ್ಯ ಬಂತು ಎಂದು ತಿಳಿಯುತ್ತಾಳೆ. ನಿಜದಲ್ಲಿ ಅಲ್ಲಿ ಪಾಡ್ಯ ಬರುವುದು ಮಧ್ಯಾಹ್ನ.

ಗಣಿತದ ಮೇಷ್ಟ್ರು, ಶಿವಮೊಗ್ಗ · 17 ಫೆಬ್ರವರಿ

ರಾಯರೇ, ಘಟಿಯ ವಿಷಯದಲ್ಲಿ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಾನೇ ಅದನ್ನು ಮೊದಲು ಹೇಳಬೇಕಿತ್ತು. ಗಣಿತದ ವಿಷಯದಲ್ಲಿ ಮಾತ್ರ ನಾನು ಒಪ್ಪಲಾರೆ. ಗ್ರಹಣದ ಹೊತ್ತನ್ನು ಎಲ್ಲರೂ ದೃಗ್ಗಣಿತದಿಂದಲೇ ತೆಗೆದುಕೊಳ್ಳುತ್ತಾರೆ, ಏಕೆಂದರೆ ಗ್ರಹಣ ಕಣ್ಣಿಗೆ ಕಾಣುತ್ತದೆ. ಸೂರ್ಯಗ್ರಹಣ ಆಗುವುದು ಅಮಾವಾಸ್ಯೆ ಮುಗಿದು ಪಾಡ್ಯ ಹುಟ್ಟುವ ಗಳಿಗೆಯ ಆಸುಪಾಸಿನಲ್ಲೇ. ಗ್ರಹಣಕ್ಕೆ ಒಂದು ಚಂದ್ರ, ಯುಗಾದಿಗೆ ಇನ್ನೊಂದು ಚಂದ್ರ ಇರಲು ಹೇಗೆ ಸಾಧ್ಯ?

ಧಾರವಾಡದ ಹಿರಿಯರು · 17 ಫೆಬ್ರವರಿ

ಗ್ರಹಣ ಕಣ್ಣಿಗೆ ಕಾಣುವ ವಿಷಯ, ವ್ರತ ಪರಂಪರೆಯ ವಿಷಯ. ಮೇಘನಾದ ಸಹಾ ಅವರ ಸಮಿತಿ 1950ರ ದಶಕದಲ್ಲಿ ನಿಮ್ಮ ಮಾತನ್ನೇ ಹೇಳಿತು. ಸರ್ಕಾರ 1957ರಲ್ಲಿ ರಾಷ್ಟ್ರೀಯ ಕ್ಯಾಲೆಂಡರನ್ನೂ ತಂದಿತು. ಆದರೂ ನಮ್ಮಂಥ ಮನೆಗಳು ಉಳಿದಿವೆ. ನಾವಿಬ್ಬರೂ ಇದನ್ನು ಇಲ್ಲಿ ಮುಗಿಸಲಾರೆವು.

ಕೊಡಗಿನ ಓದುಗ · 18 ಫೆಬ್ರವರಿ

ಅಚ್ಚಿನ ಪಂಚಾಂಗ ಓದುವವರಿಗೆ ಒಂದು ಮಾತು ಸೇರಿಸುತ್ತೇನೆ. ಪಾಡ್ಯದ ಅಂತ್ಯವನ್ನು ಕೆಲವು ಪಂಚಾಂಗಗಳು 20ರ ಸಾಲಿನಲ್ಲಿ ಬರೆಯದೆ 19ರ ಸಾಲಿನಲ್ಲೇ 28-52 ಎಂದು ಬರೆಯುತ್ತವೆ. ನಮ್ಮ ದಿನ ಸೂರ್ಯೋದಯದಿಂದ ಸೂರ್ಯೋದಯದವರೆಗೆ ಇರುವುದರಿಂದ ನಡುರಾತ್ರಿ ದಾಟಿದರೂ ವಾರ ಬದಲಾಗಿಲ್ಲ ಎಂದು ಅದರ ಅರ್ಥ. 28ರಲ್ಲಿ 24 ಕಳೆದು ಮುಂದಿನ ತಾರೀಖಿನ ಬೆಳಗಿನ ಜಾವ 4:52 ಎಂದು ಓದಬೇಕು. ನನ್ನ ಮಗಳು ಅದನ್ನು ಅಚ್ಚಿನ ತಪ್ಪು ಎಂದು ಭಾವಿಸಿ ಆ ಪುಟವನ್ನೇ ಬಿಟ್ಟಿದ್ದಳು.

ನನ್ನದೂ ಒಂದು ಪ್ರಶ್ನೆ ಇದೆ. ಈ ವರ್ಷ ಅಧಿಕ ಜ್ಯೇಷ್ಠ ಮಾಸ ಮೇ 17ರಿಂದ ಜೂನ್ 15ರವರೆಗೆ ಎಂದು ನಮ್ಮ ಪಂಚಾಂಗದಲ್ಲಿದೆ. ಅದೂ ದೇಶದಿಂದ ದೇಶಕ್ಕೆ ಬದಲಾಗುತ್ತದೆಯೇ? ಸಿಡ್ನಿಯಲ್ಲಿ ಅಧಿಕ ಮಾಸವೇ ಇಲ್ಲದಿರಬಹುದೇ?

ಗಣಿತದ ಮೇಷ್ಟ್ರು, ಶಿವಮೊಗ್ಗ · 18 ಫೆಬ್ರವರಿ

ಇಲ್ಲ. ಎರಡು ಅಮಾವಾಸ್ಯೆಗಳ ಕ್ಷಣಗಳ ನಡುವೆ ಸೂರ್ಯ ರಾಶಿ ಬದಲಾಯಿಸದಿದ್ದರೆ ಅಧಿಕ ಮಾಸ. ಅಮಾವಾಸ್ಯೆಯೂ ಸಂಕ್ರಮಣವೂ ಆಕಾಶದ ಕ್ಷಣಗಳು, ಅದರಲ್ಲಿ ಸೂರ್ಯೋದಯದ ಮಾತೇ ಬರುವುದಿಲ್ಲ. ಎಲ್ಲ ದೇಶಕ್ಕೂ ಅಧಿಕ ಜ್ಯೇಷ್ಠವೇ. ಮಾಸದ ಮೊದಲ ಮತ್ತು ಕೊನೆಯ ತಾರೀಖು ಮಾತ್ರ ಒಂದು ದಿನ ಆಚೀಚೆ ಆಗಬಹುದು.

ನ್ಯೂಜೆರ್ಸಿ ನಿವಾಸಿ · 18 ಫೆಬ್ರವರಿ

ಗಡಿಯಾರ ತಿದ್ದುವ ವಿಷಯ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ಈ ವರ್ಷ ಮಾರ್ಚ್ 8ಕ್ಕೆ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ. ಸಿಡ್ನಿಯಲ್ಲಿ ಏಪ್ರಿಲ್ 5ಕ್ಕೆ ಒಂದು ಗಂಟೆ ಹಿಂದಕ್ಕೆ ಬರುತ್ತದೆ. ಯುಗಾದಿಗೆ ಐದೂವರೆ ಗಂಟೆ ಕೂಡಿಸಿದ ಅಭ್ಯಾಸದಲ್ಲೇ ಮುಂದಿನ ಹಬ್ಬಗಳಿಗೂ ಕೂಡಿಸಬೇಡಿ. ಏಪ್ರಿಲ್ 5ರ ನಂತರ ಸಿಡ್ನಿಗೆ ನಾಲ್ಕೂವರೆ ಗಂಟೆ. ನಮ್ಮ ಸಂಘದಲ್ಲಿ ಒಮ್ಮೆ ಹಂಚಿದ ಹಾಳೆಯಲ್ಲಿ ವರ್ಷವಿಡೀ ಒಂದೇ ವ್ಯತ್ಯಾಸ ಹಾಕಿದ್ದರು. ಬೇಸಿಗೆಯ ಅಷ್ಟೂ ತಿಂಗಳು ಎಲ್ಲ ಹೊತ್ತುಗಳೂ ಒಂದು ಗಂಟೆ ತಪ್ಪಿದ್ದವು, ಚಳಿಗಾಲದವು ಸರಿಯಿದ್ದವು. ಹಾಳೆಯಲ್ಲಿರುವ ಸೂರ್ಯೋದಯವನ್ನು ಅಂದಿನ ಹವಾಮಾನ ವರದಿಯ ಸೂರ್ಯೋದಯದ ಜೊತೆ ಹೋಲಿಸಿದರೆ ಈ ತಪ್ಪು ಕೂಡಲೇ ಸಿಕ್ಕಿಬೀಳುತ್ತದೆ.

ಮಂಡ್ಯದ ಗೃಹಿಣಿ · 19 ಫೆಬ್ರವರಿ

ಎಲ್ಲರೂ ನಿಮಿಷಗಳ ಮಾತನಾಡುತ್ತಿದ್ದೀರಿ. ನನ್ನ ಮಗಳೂ ಹೊರದೇಶದಲ್ಲಿದ್ದಾಳೆ. ನಾವು ಇಲ್ಲಿ ಬೇವು ಬೆಲ್ಲ ತಿನ್ನುವ ದಿನವೇ ಅವಳೂ ಅಲ್ಲಿ ತಿನ್ನಬೇಕು ಎಂಬುದು ನನ್ನ ಆಸೆ. ಬೆಳಿಗ್ಗೆ ಅವಳು ಕರೆ ಮಾಡಿ, ಹೊಸ ಸೀರೆ ತೋರಿಸಿ, ಒಬ್ಬಟ್ಟು ಹೇಗೆ ಬಂತು ಎಂದು ಹೇಳಿದಾಗಲೇ ನನಗೆ ಹಬ್ಬ. ಲೆಕ್ಕ ಬೇರೆ ದಿನ ತೋರಿಸಿದರೆ ಆ ಸಂತೋಷವನ್ನು ಬಿಡಬೇಕೆ?

ಗಣಿತದ ಮೇಷ್ಟ್ರು, ಶಿವಮೊಗ್ಗ · 19 ಫೆಬ್ರವರಿ

ಅಮ್ಮಾ, ನನ್ನ ಇಬ್ಬರು ಮಕ್ಕಳೂ ದೂರದಲ್ಲಿದ್ದಾರೆ. ನಿಮ್ಮ ಪ್ರಶ್ನೆಗೆ ನನ್ನ ಬಳಿ ಲೆಕ್ಕವಿಲ್ಲ.

ಸಿಡ್ನಿ ಕನ್ನಡತಿ · 21 ಫೆಬ್ರವರಿ

ಎಲ್ಲರಿಗೂ ವಂದನೆಗಳು. ಮೇಷ್ಟ್ರು ಹೇಳಿದ ಹಾಗೆ ದೇವಸ್ಥಾನದ ಹಾಳೆಯನ್ನು ಪರೀಕ್ಷಿಸಿದೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಸಿಡ್ನಿಯ ಅಕ್ಷಾಂಶ ರೇಖಾಂಶ ಇದೆ, ನಾನು ನೋಡಿಯೇ ಇರಲಿಲ್ಲ. ಮಾರ್ಚ್ 20ರ ಸೂರ್ಯೋದಯ 6:59 ಎಂದಿದೆ, ಪಾಡ್ಯದ ಅಂತ್ಯ 10:22 ಎಂದಿದೆ, ರಾಹುಕಾಲ 11:32ರಿಂದ ಎಂದಿದೆ. ಎಲ್ಲವೂ ತಾಳೆಯಾಗುತ್ತವೆ. ಏಪ್ರಿಲ್ 5ರ ಸಾಲನ್ನೂ ನೋಡಿದೆ. ಅಂದಿನಿಂದ ಸೂರ್ಯೋದಯ ಒಂದು ಗಂಟೆ ಹಿಂದಕ್ಕೆ ಬಂದಿದೆ, ಅಂದರೆ ಗಡಿಯಾರ ತಿದ್ದಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆ.

ಶುಕ್ರವಾರಕ್ಕೆ ರಜೆ ಕೇಳಿದ್ದೇನೆ, ಸಿಕ್ಕಿದೆ. ಅಮ್ಮನಿಗೆ ವಿವರಿಸಲು ಮಾತ್ರ ಎರಡು ದಿನ ಹಿಡಿಯಿತು. ಕೊನೆಗೆ ಅವರು ಹೇಳಿದ್ದು, ನಾನು 19ರಂದು ಒಬ್ಬಟ್ಟು ಮಾಡುವಾಗ ನಿನ್ನನ್ನು ಕರೆಯುತ್ತೇನೆ, ನೀನು 20ರಂದು ಮಾಡುವಾಗ ನನ್ನನ್ನು ಕರೆ ಎಂದು. ಮಂಡ್ಯದ ಅಮ್ಮನವರಿಗೆ ಇದನ್ನು ತಿಳಿಸಬೇಕೆನಿಸಿತು.

ಇನ್ನೊಂದು ಉಳಿದಿದೆ. ಸಂಕಲ್ಪದಲ್ಲಿ ವಸಂತ ಋತು ಎಂದು ಹೇಳಬೇಕಲ್ಲ, ಇಲ್ಲಿ ಮಾರ್ಚ್ ಎಂದರೆ ಎಲೆ ಉದುರುವ ಕಾಲ. ನಮ್ಮ ದೇವಸ್ಥಾನದಲ್ಲಿ ವಸಂತ ಎಂದೇ ಹೇಳುತ್ತಾರೆ. ದಕ್ಷಿಣ ಗೋಲಾರ್ಧದಲ್ಲಿ ಬೇರೆ ರೀತಿ ಹೇಳುವವರು ಯಾರಾದರೂ ಇದ್ದಾರೆಯೇ?

ಧಾರವಾಡದ ಹಿರಿಯರು · 21 ಫೆಬ್ರವರಿ

ಚೈತ್ರ ಮಾಸವಿದ್ದರೆ ವಸಂತವೇ. ಋತುವಿನ ಹೆಸರು ಮಾಸದ ಜೊತೆ ಬಂದದ್ದು, ಮರದ ಎಲೆಯ ಜೊತೆ ಬಂದದ್ದಲ್ಲ.

ಪರ್ತ್‌ನಿಂದ ಒಬ್ಬರು · 22 ಫೆಬ್ರವರಿ

ನಮ್ಮ ಪುರೋಹಿತರು ಹಾಗೆ ಹೇಳುವುದಿಲ್ಲ. ಅವರು ಋತುವಿನ ಹೆಸರನ್ನು ಬಿಟ್ಟು ಮಾಸಕ್ಕೇ ನೇರವಾಗಿ ಹೋಗುತ್ತಾರೆ. ಕಾರಣ ಕೇಳಿ ಬರೆಯುತ್ತೇನೆ.

ಸಿಂಗಪುರದ ಸೊಸೆ · 22 ಫೆಬ್ರವರಿ

ನಮ್ಮ ಮನೆಯ ನಿರ್ಣಯ ಇನ್ನೂ ಆಗಿಲ್ಲ. ಮಾವನವರು ಊರಿನ ಪುರೋಹಿತರಿಗೆ ಫೋನು ಮಾಡಿದ್ದರು. ಅವರು ಮೊದಲು ಕೇಳಿದ ಪ್ರಶ್ನೆ, ನಿಮ್ಮ ಊರಿನಲ್ಲಿ ಸೂರ್ಯೋದಯ ಎಷ್ಟು ಗಂಟೆಗೆ ಎಂಬುದು.